ಒಂದೇ ತಂಬಿಗೆ, ಹದಿನೈದು ಶೀಟು: ಡ್ರಾಯಿಂಗ್ ಮತ್ತು ಡಿಸೈನ್ ಪ್ರಾಕ್ಟಿಕಲ್‌ಗೆ ಅಂಕ ಹಾಕುವುದು ಹೇಗೆ?

ಎದುರಿಗಿರುವುದು ಒಂದೇ ತಂಬಿಗೆ, ಒಂದೇ ಕಂಬಳಿ, ಒಂದೇ ಮೆಕ್ಕೆಜೋಳದ ತೆನೆ. ಹದಿನೈದು ಜನ ಕೂತು ಅದನ್ನೇ ಬರೆಯುತ್ತಾರೆ. ಅಂಕಪಟ್ಟಿಯಲ್ಲಿ ಮಾತ್ರ ಸಂಯೋಜನೆ, ತಂತ್ರ, ಸ್ವಂತಿಕೆ ಅಂತ ಮೂರು ಕಾಲಂ ಇರುತ್ತವೆ. ಎಲ್ಲರೂ ಅದೇ ವಸ್ತು ಬರೆದಾಗ ಸ್ವಂತಿಕೆ ಎಲ್ಲಿಂದ ಬರಬೇಕು? ಬಹಳಷ್ಟು ಕಡೆ ಪರೀಕ್ಷಕರು ಮೊದಲು ಒಟ್ಟು ಅಂಕ ತೀರ್ಮಾನ ಮಾಡಿ, ಆಮೇಲೆ ಅದನ್ನು ಮೂರು ಕಾಲಂಗೆ ಹಂಚುತ್ತಾರೆ. ಶೇಡಿಂಗ್ ನುಣುಪಾಗಿದ್ದರೆ ಮೂರೂ ಕಾಲಂ ತುಂಬುತ್ತವೆ, ಇಲ್ಲದಿದ್ದರೆ ಮೂರೂ ಬರಿದಾಗುತ್ತವೆ. ಹಾಗಾದರೆ ಕಾಲಂ ಮೂರು ಯಾಕೆ ಬೇಕು, ಅಲ್ವಾ?

ಈ ಲೇಖನ ಬಿವಿಎ ಮೊದಲ ವರ್ಷದ ಫೌಂಡೇಶನ್ ತರಗತಿಯ ಆಂತರಿಕ ಪ್ರಾಕ್ಟಿಕಲ್ ನಡೆಸುವ ಮೇಷ್ಟ್ರುಗಳಿಗಾಗಿ. ಪರೀಕ್ಷೆ ಬರೆಯುವ ಮಕ್ಕಳೂ ಓದಬಹುದು, ಮುಚ್ಚಿಡುವಂಥದ್ದು ಇಲ್ಲಿ ಏನೂ ಇಲ್ಲ. ಬೆಳಿಗ್ಗೆ ಮೂರು ಗಂಟೆ ಸ್ಟಿಲ್ ಲೈಫ್ ಪೆನ್ಸಿಲ್ ಡ್ರಾಯಿಂಗ್, ಮಧ್ಯಾಹ್ನ ಮೂರು ಗಂಟೆ ಅದೇ ವಸ್ತುವಿನಿಂದ ಒಂದು ಡಿಸೈನ್. ಎರಡನ್ನೂ ಹೀಗೆ ಜೋಡಿಸಿದರೆ ಸ್ವಂತಿಕೆ ಅಳೆಯುವ ಕೆಲಸ ಅರ್ಧ ಹಗುರವಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕೆಳಗಿನ ಅಂಕ ಹಂಚಿಕೆ ನಾನು ಬಳಸುವಂಥದ್ದು. ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಬೇರೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ನೋಡುವ ಕ್ರಮ ಬದಲಾಗುವುದಿಲ್ಲ.

ಮೊದಲು ಪ್ರಶ್ನೆ, ಆಮೇಲೆ ವಸ್ತು

‘ಎದುರಿಗಿರುವ ವಸ್ತುಗಳನ್ನು ಚಿತ್ರಿಸಿ’ ಅಂತ ಒಂದು ಸಾಲು ಬರೆದು ಕೊಟ್ಟರೆ ಮಕ್ಕಳು ಎಲ್ಲವನ್ನೂ ಹಾಳೆಯ ನಡುವೆ ಬರೆದು ಎದ್ದು ಹೋಗುತ್ತಾರೆ. ತಪ್ಪು ಅವರದ್ದಲ್ಲ. ಆಯ್ಕೆ ಮಾಡು ಅಂತ ನಾವು ಕೇಳಿಯೇ ಇಲ್ಲ. ಕೇಳದೆ ಇದ್ದದ್ದಕ್ಕೆ ಅಂಕ ಕಳೆಯುವುದು ನ್ಯಾಯವಲ್ಲ.

ಆದ್ದರಿಂದ ಪ್ರಶ್ನೆಯಲ್ಲೇ ಆಯ್ಕೆಗೆ ಜಾಗ ಇಡಿ. ಉದಾಹರಣೆಗೆ: ‘ಎದುರಿಗಿರುವ ನಾಲ್ಕು ವಸ್ತುಗಳಲ್ಲಿ ಕನಿಷ್ಠ ಎರಡನ್ನು ಆರಿಸಿಕೊಳ್ಳಿ. ಮೊದಲ 25 ನಿಮಿಷದಲ್ಲಿ 7.5×11 ಸೆಂ.ಮೀ. ಅಳತೆಯ ಮೂರು ರಫ್ ಮಾಡಿ. ಒಂದನ್ನು ಆರಿಸಿ, ಹಾಫ್ ಇಂಪೀರಿಯಲ್ ಶೀಟಿನಲ್ಲಿ ಪೂರ್ಣ ಟೋನ್‌ನಲ್ಲಿ ಬರೆಯಿರಿ. ರಫ್ ಹಾಳೆಯನ್ನೂ ಒಪ್ಪಿಸಬೇಕು.’ ಹಾಫ್ ಇಂಪೀರಿಯಲ್ ಅಂದರೆ 15×22 ಇಂಚು. 7.5×11 ಅದೇ ಪ್ರಮಾಣದ್ದು, ಹಾಗಾಗಿ ರಫ್‌ನಲ್ಲಿ ಕೂತ ಚಿತ್ರ ದೊಡ್ಡ ಶೀಟಿಗೂ ಹಾಗೇ ಕೂರುತ್ತದೆ. ಮನಸ್ಸಿಗೆ ಬಂದ ಅಳತೆಯ ಚೌಕದಲ್ಲಿ ರಫ್ ಮಾಡಿದರೆ ಶೀಟಿಗೆ ಬರುವಾಗ ಮೇಲೆ ಅಥವಾ ಪಕ್ಕದಲ್ಲಿ ಜಾಗ ಉಳಿಯುತ್ತದೆ. ಆ ಉಳಿದ ಜಾಗಕ್ಕೆ ಏನು ಮಾಡಬೇಕು ಅಂತ ಗೊತ್ತಾಗದೆ ಮಕ್ಕಳು ಅಲ್ಲೊಂದು ಪರದೆ ಇಳಿಬಿಡುತ್ತಾರೆ.

ಮಧ್ಯಾಹ್ನದ ಪ್ರಶ್ನೆ: ‘ಬೆಳಿಗ್ಗೆ ನೋಡಿದ ಮೆಕ್ಕೆಜೋಳದ ತೆನೆಯಿಂದ ಒಂದು ಮೋಟಿಫ್ ರೂಪಿಸಿ. ಅದನ್ನು 18 ಸೆಂ.ಮೀ. ಚೌಕದಲ್ಲಿ, 6 ಸೆಂ.ಮೀ. ಮನೆಗಳಲ್ಲಿ, ಮೂರು ಬಣ್ಣ ಮೀರದಂತೆ ರಿಪೀಟ್ ಮಾಡಿ. ಮೋಟಿಫ್ ಹೇಗೆ ಬಂತು ಎಂಬುದನ್ನು ರಫ್‌ನಲ್ಲಿ ತೋರಿಸಿ.’

ವಸ್ತು ಆರಿಸುವಾಗ ಒಂದಕ್ಕೊಂದು ವಿರುದ್ಧ ಇರುವ ಮೈ ಹುಡುಕಿ. ನಮ್ಮ ಕಡೆ ಇದಕ್ಕೆ ಕಷ್ಟವಿಲ್ಲ. ಹೊಳೆಯುವ ಹಿತ್ತಾಳೆ ತಂಬಿಗೆ, ಬೆಳಕನ್ನೆಲ್ಲ ನುಂಗುವ ಚಳ್ಳಕೆರೆಯ ಕರಿ ಕಂಬಳಿ, ಬಿದಿರಿನ ಮೊರ, ಜೊತೆಗೆ ಸಿಪ್ಪೆ ಅರ್ಧ ಸುಲಿದ ಮೆಕ್ಕೆಜೋಳದ ತೆನೆ. ದಾವಣಗೆರೆಯಲ್ಲಿ ತೆನೆ ಸಿಗದ ಊರಿಲ್ಲ, ಆದರೆ ಹಸಿಯದು ಬೇಡ. ಮೂರು ಗಂಟೆಯಲ್ಲಿ ಸಿಪ್ಪೆ ಬಾಡಿ ಮುರುಟಿಕೊಳ್ಳುತ್ತದೆ. ಬೆಳಿಗ್ಗೆ ಬರೆದ ಗೆರೆಗೂ ಮಧ್ಯಾಹ್ನ ಕಾಣುವ ಸಿಪ್ಪೆಗೂ ಸಂಬಂಧ ಇರುವುದಿಲ್ಲ. ಚೆನ್ನಾಗಿ ಒಣಗಿದ್ದೇ ಇಡಿ.

ಬೆಳಕು, ಜಾಗ, ಮತ್ತು ಒಂದು ಫೋಟೋ

ಡಾಂಕಿ ಬೆಂಚಿನ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು 110 ಸೆಂ.ಮೀ. ಎತ್ತರದಲ್ಲಿ ಇರುತ್ತದೆ. ವಸ್ತು ಇಡುವ ಮೇಜು 60–65 ಸೆಂ.ಮೀ. ಇದ್ದರೆ ತಂಬಿಗೆಯ ಬಾಯಿ ಚೆನ್ನಾಗಿ ಕಾಣುತ್ತದೆ, ಎಲಿಪ್ಸ್ ಪರೀಕ್ಷಿಸಬಹುದು. ಬಾಯಿ ಕಣ್ಣಿನ ಮಟ್ಟಕ್ಕೆ ಬಂದರೆ ಬರೀ ಒಂದು ಗೆರೆ ಕಾಣುತ್ತದೆ, ಪರೀಕ್ಷೆ ಅಲ್ಲಿಗೆ ಸಪ್ಪೆ. ಬೆಂಚುಗಳನ್ನು ಎರಡು ಮೀಟರ್ ದೂರದಲ್ಲಿ ಅರ್ಧವೃತ್ತವಾಗಿ ಇಡಿ. ವಸ್ತುಗಳ ಸುತ್ತ, ಕಂಬಳಿಯ ಅಂಚಿನ ಸುತ್ತ ಸೀಮೆಸುಣ್ಣದ ಗುರುತು ಹಾಕಿ. ಕಂಬಳಿ ಜಾರುವುದು ಖಚಿತ.

ಬೆಳಕು ಒಂದೇ ಕಡೆಯಿಂದ ಬರಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಮೂರು ಗಂಟೆಗೆ 45 ಡಿಗ್ರಿ. ನೇರ ಬಿಸಿಲಲ್ಲಿ ವಸ್ತು ಇಟ್ಟರೆ ನೆರಳು ಅಷ್ಟೂ ಹೊತ್ತು ನಡೆಯುತ್ತಲೇ ಇರುತ್ತದೆ. ಅದಕ್ಕೇ ಉತ್ತರದ ಕಿಟಕಿ ಒಳ್ಳೆಯದು ಅಂತ ಹಳೆಯ ಪಾಠ. ಆದರೆ ಆ ಪಾಠ ಯುರೋಪಿನದ್ದು. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯನೇ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲೂ ಆ ಕಿಟಕಿಗೆ ತಾಗುತ್ತದೆ. ಬೇಸಿಗೆ ಪರೀಕ್ಷೆಯಾದರೆ ಉತ್ತರದ ಕಿಟಕಿಗೂ ತೆಳು ಬಿಳಿ ಬಟ್ಟೆ ಕಟ್ಟಿ. ಬಲ್ಬ್ ನಂಬಿಕೊಂಡರೆ ಇನ್ವರ್ಟರ್ ಇದೆಯಾ ನೋಡಿ. ಕರೆಂಟ್ ಹೋದ ಕ್ಷಣಕ್ಕೆ ಹದಿನೈದು ಜನರ ನೆರಳೂ ಮಾಯ.

ಜಾಗವನ್ನು ಚೀಟಿ ಎತ್ತಿ ಹಂಚಿ. ಅರ್ಧವೃತ್ತದಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ಬೆಳಕಿನ ಕಡೆಯೇ ಕೂತವರಿಗೆ ವಸ್ತು ಚಪ್ಪಟೆಯಾಗಿ ಕಾಣುತ್ತದೆ, ಶೇಡ್ ಮಾಡಲು ಏನೂ ಇರುವುದಿಲ್ಲ. ಎದುರು ದಿಕ್ಕಿನಲ್ಲಿ ಕೂತವರಿಗೆ ಬರೀ ನೆರಳು.

ಪರೀಕ್ಷೆ ಶುರುವಾಗುವ ಮುಂಚೆ ಪ್ರತಿ ಜಾಗದಲ್ಲೂ ಕೂತು, ಕಣ್ಣಿನ ಎತ್ತರದಲ್ಲಿ ಮೊಬೈಲ್ ಹಿಡಿದು, ಒಂದೊಂದು ಫೋಟೋ ತೆಗೆದು ಜಾಗದ ನಂಬರ್ ಹಾಕಿಟ್ಟುಕೊಳ್ಳಿ. ಇದು ಹತ್ತು ನಿಮಿಷದ ಕೆಲಸ. ಸಂಜೆ ಅಂಕ ಹಾಕುವಾಗ ಮೇಜು ಖಾಲಿಯಾಗಿರುತ್ತದೆ. ತಂಬಿಗೆ ಮೊರವನ್ನು ನಿಜವಾಗಿಯೂ ಅಷ್ಟು ಮರೆ ಮಾಡಿತ್ತಾ, ಈ ಹುಡುಗಿ ಊಹಿಸಿ ಬರೆದಳಾ? ಫೋಟೋ ಇಲ್ಲದಿದ್ದರೆ ಹೇಳಲಾಗುವುದಿಲ್ಲ. ಬೆಳಕು ಸಿಗದ ಜಾಗದವರಿಗೆ ‘ಟೋನ್ ಕಡಿಮೆ’ ಅಂತ ಅಂಕ ಕಳೆಯುವ ಅನ್ಯಾಯವೂ ತಪ್ಪುತ್ತದೆ. ಪಕ್ಕದ ಒಂದು ಎಚ್ಚರಿಕೆ: ಮೊಬೈಲ್ ಹತ್ತಿರದಿಂದ ತೆಗೆದರೆ ಮುಂದಿನ ವಸ್ತು ಊದಿಕೊಂಡಂತೆ ಬರುತ್ತದೆ. ವಿದ್ಯಾರ್ಥಿ ಕೂರುವ ದೂರದಿಂದಲೇ ತೆಗೆಯಿರಿ.

ಮೂರು ಸುತ್ತು, ಮೂರು ದೂರ

ಡ್ರಾಯಿಂಗ್‌ಗೆ 50 ಅಂಕ: ಸಂಯೋಜನೆ 15, ತಂತ್ರ 20, ಸ್ವಂತಿಕೆ 15. ಒಂದು ಶೀಟಿಗೆ ಮೂರೂ ಅಂಕ ಹಾಕಿ ಮುಂದಿನ ಶೀಟಿಗೆ ಹೋಗಬೇಡಿ. ಎಲ್ಲ ಶೀಟಿಗೂ ಮೊದಲು ಸಂಯೋಜನೆ, ಆಮೇಲೆ ಎಲ್ಲಕ್ಕೂ ತಂತ್ರ, ಕೊನೆಗೆ ಸ್ವಂತಿಕೆ. ಪ್ರತಿ ಸುತ್ತಿಗೂ ಹೊಸ ಅಂಕಪಟ್ಟಿ, ಹಿಂದಿನದು ಮಡಿಸಿ ಪಕ್ಕಕ್ಕೆ. ನುಣುಪಾದ ಶೇಡಿಂಗ್ ಮಿಕ್ಕ ಕಾಲಂಗಳಿಗೂ ಹರಡುವುದನ್ನು ತಡೆಯಲು ನನಗೆ ಗೊತ್ತಿರುವ ದಾರಿ ಇದೊಂದೇ.

ಮೊದಲ ಸುತ್ತಿಗೆ ಶೀಟುಗಳನ್ನು ಗೋಡೆಗೆ ನಿಲ್ಲಿಸಿ ಮೂರು ಮೀಟರ್ ದೂರ ನಿಲ್ಲಿ. ಅಷ್ಟು ದೂರದಿಂದ ಪೆನ್ಸಿಲ್ ಗೆರೆ ಕಾಣುವುದಿಲ್ಲ, ಕಪ್ಪು–ಬಿಳುಪಿನ ರಾಶಿಗಳು ಮಾತ್ರ ಕಾಣುತ್ತವೆ. ನಮಗೆ ಬೇಕಾದದ್ದು ಅದೇ. ಕಣ್ಣು ಅರೆಮುಚ್ಚಿ ನೋಡಿ. ಕಂಬಳಿಯ ಕಪ್ಪು ಎಲ್ಲಿ ಕೂತಿದೆ? ಅದು ಚಿತ್ರವನ್ನು ಹಿಡಿದಿಟ್ಟಿದೆಯಾ, ಒಂದು ಮೂಲೆಗೆ ಎಳೆಯುತ್ತಿದೆಯಾ? ವಸ್ತುಗಳ ನಡುವಿನ ಖಾಲಿ ಜಾಗಗಳು ಬೇರೆ ಬೇರೆ ಅಳತೆಯವಾ, ಅಥವಾ ಎಲ್ಲ ಒಂದೇ ಥರ ಕತ್ತರಿಸಿದಂತೆ ಇವೆಯಾ? ಅನುಮಾನ ಬಂದರೆ ಶೀಟನ್ನು ತಲೆಕೆಳಗು ಮಾಡಿ. ತಂಬಿಗೆ ತಂಬಿಗೆಯಾಗಿ ಕಾಣುವುದು ನಿಂತು, ತೂಕ ಮಾತ್ರ ಕಾಣುತ್ತದೆ. 13ರಿಂದ 15 ಅಂಕ ಕೊಡಬೇಕಾದರೆ ಖಾಲಿ ಜಾಗವೂ ಬೇಕೆಂದೇ ಬಿಟ್ಟದ್ದು ಅನ್ನಿಸಬೇಕು. 9ರಿಂದ 12 ಅಂದರೆ ಹಿಡಿತ ಇದೆ, ಒಂದು ಕಡೆ ಸಡಿಲ. 5ರಿಂದ 8 ಅಂದರೆ ವಸ್ತುಗಳು ಹಾಳೆಯಲ್ಲಿ ಸುಮ್ನೆ ಇವೆ, ಅಂಚಿನ ಜೊತೆ ಸಂಬಂಧವಿಲ್ಲ. ಅದಕ್ಕಿಂತ ಕೆಳಗೆ ಹೋಗಬೇಕಾದ್ದು ಅಪರೂಪ.

ಎರಡನೇ ಸುತ್ತು ಕೈಯಳತೆಯ ದೂರದಲ್ಲಿ. ಇಲ್ಲಿ ನಾನು ಮೊದಲು ನೋಡುವುದು ತಂಬಿಗೆಯ ಎಲಿಪ್ಸ್‌ಗಳನ್ನು. ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ಎಲಿಪ್ಸ್ ಹೆಚ್ಚು ದುಂಡಗಾಗುತ್ತದೆ. ತಂಬಿಗೆಯ ಬಾಯಿಗಿಂತ ತಳದ ವಕ್ರರೇಖೆ ಹೆಚ್ಚು ಬಾಗಿರಬೇಕು. ಹತ್ತರಲ್ಲಿ ಏಳೆಂಟು ಮಕ್ಕಳು ತಳವನ್ನು ನೇರ ಗೆರೆಯಾಗಿ ಬರೆಯುತ್ತಾರೆ, ಮೇಜು ಚಪ್ಪಟೆ ಇದೆ ಅಂತ ತಲೆಯಲ್ಲಿ ಕೂತಿರುತ್ತದೆ ನೋಡಿ. ಎಲಿಪ್ಸಿನ ಎರಡು ತುದಿ ಚೂಪಾಗಿ ಮೀನಿನ ಬಾಯಿಯಂತೆ ಬಂದಿದ್ದರೆ ಅದೂ ತಪ್ಪೇ.

ಆಮೇಲೆ ಮೈ. ಹಿತ್ತಾಳೆಯ ಹೊಳಪಿಗೆ ಅಂಚು ಚೂಪು. ಅತಿ ಬಿಳಿಯ ಪಕ್ಕದಲ್ಲೇ ಅತಿ ಕಪ್ಪು ಬರುತ್ತದೆ. ಕಂಬಳಿ ಹತ್ತಿರ ಇದ್ದರೆ ಅದರ ಕಪ್ಪು ತಂಬಿಗೆಯ ಹೊಟ್ಟೆಯಲ್ಲಿ ಪ್ರತಿಬಿಂಬವಾಗಿ ಕಾಣಬೇಕು. ಕಂಬಳಿಗೆ ಹೊಳಪೇ ಇಲ್ಲ, ಅಂಚು ಮೆತ್ತಗೆ, ಕಪ್ಪಿನೊಳಗೇ ಮೂರು ಬಗೆಯ ಕಪ್ಪು. ಮೊರದ ಹೆಣಿಗೆಗೆ ಗಟ್ಟಿ ಚಿಕ್ಕ ಗೆರೆ. ಈ ಮೂರಕ್ಕೂ ಒಂದೇ ಕೈಯಾಡಿಸಿದ್ದರೆ, ಅದೆಷ್ಟೇ ನುಣುಪಾಗಿದ್ದರೂ, ತಂತ್ರಕ್ಕೆ 20ರಲ್ಲಿ 14 ದಾಟಬಾರದು. ಬೆರಳಲ್ಲೋ ಟಿಶ್ಯೂನಲ್ಲೋ ಉಜ್ಜಿದ್ದನ್ನು ಗುರುತಿಸುವುದು ಸುಲಭ. ಶೀಟನ್ನು ಓರೆ ಹಿಡಿದರೆ ಉಜ್ಜಿದ ಭಾಗ ಮಂಕಾಗಿ, ಅಂಚು ಜಿಡ್ಡಾಗಿ ಕಾಣುತ್ತದೆ, ಹಾಳೆಯ ತರಿ ಮುಚ್ಚಿಹೋಗಿರುತ್ತದೆ. ಉಜ್ಜುವುದು ಅಪರಾಧವಲ್ಲ. ಮೊರವನ್ನೂ ಉಜ್ಜಿದರೆ ಮಾತ್ರ ತಪ್ಪು.

ಮಕ್ಕಳಿಗೆ ಇಲ್ಲೊಂದು ಮಾತು. ಎಚ್‌ಬಿ ಪೆನ್ಸಿಲ್ ಒಂದರಲ್ಲೇ ಒತ್ತಿ ಒತ್ತಿ ಕಂಬಳಿ ಕಪ್ಪು ಮಾಡಲು ಹೋಗಬೇಡಿ. ಹಾಳೆ ಹೊಳೆಯಲು ಶುರುವಾಗುತ್ತದೆ, ಕಪ್ಪು ಬರುವುದಿಲ್ಲ. 4ಬಿಯಲ್ಲಿ ಎರಡು ದಿಕ್ಕಿನಲ್ಲಿ ಗೆರೆ ಹಾಕಿ, ಮೇಲೆ 6ಬಿ.

ಸ್ವಂತಿಕೆ ರಫ್ ಹಾಳೆಯಲ್ಲಿದೆ

ಮೂರನೇ ಸುತ್ತಿಗೆ ಶೀಟಿನ ಪಕ್ಕದಲ್ಲಿ ರಫ್ ಇಡಿ. ‘ಬೇರೆ ಥರ ಇದೆ’ ಅನ್ನುವುದಕ್ಕೆ ನಾನು ಅಂಕ ಕೊಡುವುದಿಲ್ಲ. ತಂಬಿಗೆಗೆ ರೆಕ್ಕೆ ಹಚ್ಚಿದರೆ ಬೇರೆ ಥರವೇ ಆಗುತ್ತದೆ. ನಾನು ಹುಡುಕುವುದು ನಿರ್ಧಾರ. ಮೂರು ರಫ್‌ಗಳು ನಿಜವಾಗಿ ಬೇರೆ ಬೇರೆಯಾ, ಅಥವಾ ತಂಬಿಗೆಯನ್ನು ಒಂದಿಷ್ಟು ಎಡಕ್ಕೆ ಬಲಕ್ಕೆ ಸರಿಸಿದ್ದಾರಾ? ಯಾವ ವಸ್ತು ಬಿಟ್ಟರು? ಬಿಟ್ಟದ್ದರಿಂದ ಚಿತ್ರ ಗಟ್ಟಿಯಾಯಿತಾ? ರಫ್‌ನಿಂದ ಶೀಟಿಗೆ ಬರುವಾಗ ಏನು ಬದಲಾಯಿತು?

ಮೋಸವೂ ಇಲ್ಲಿ ನಡೆಯುತ್ತದೆ. ಚಿತ್ರ ಮುಗಿದ ಮೇಲೆ ಕೊನೆಯ ಹತ್ತು ನಿಮಿಷದಲ್ಲಿ ಮೂರು ರಫ್ ತಯಾರಾಗುತ್ತವೆ. ಆದ್ದರಿಂದ 25 ನಿಮಿಷ ಆದ ಕೂಡಲೇ ಎದ್ದು ಹೋಗಿ ಎಲ್ಲರ ರಫ್ ಹಾಳೆಗೂ ಸಹಿ ಹಾಕಿ, ಸಮಯ ಬರೆಯಿರಿ.

ಮಧ್ಯಾಹ್ನದ ಡಿಸೈನ್‌ನಲ್ಲಿ ಇದು ಇನ್ನೂ ಸ್ಪಷ್ಟ. ಮೆಕ್ಕೆಜೋಳದ ತೆನೆಯನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಷಯ ಕಾಣುತ್ತದೆ. ಕಾಳಿನ ಸಾಲುಗಳ ಸಂಖ್ಯೆ ಸಾಮಾನ್ಯವಾಗಿ ಸಮಸಂಖ್ಯೆಯೇ, 12, 14, 16 ಹೀಗೆ. ಹೂವುಗಳು ಜೋಡಿ ಜೋಡಿಯಾಗಿ ಬರುವುದರಿಂದ ಸಾಲುಗಳೂ ಜೋಡಿಯಾಗುತ್ತವೆ. ತುದಿಗೆ ಹೋದಂತೆ ಕಾಳು ಸಣ್ಣದಾಗುತ್ತದೆ, ಬುಡದಲ್ಲಿ ಸಾಲು ಚದುರುತ್ತದೆ. ಬೆಳಿಗ್ಗೆ ಇದನ್ನು ನೋಡಿ ಬರೆದ ವಿದ್ಯಾರ್ಥಿ ಮಧ್ಯಾಹ್ನ ಜೋಡಿ ಕಾಳನ್ನೇ ಮೋಟಿಫ್ ಮಾಡಬಹುದು. ನೋಡದೆ ಬರೆದವರು ಮಾವಿನಕಾಯಿ ಆಕಾರದೊಳಗೆ ಚುಕ್ಕಿ ತುಂಬಿಸಿ ಮೆಕ್ಕೆಜೋಳ ಅನ್ನುತ್ತಾರೆ. ಎರಡು ಪರೀಕ್ಷೆಯನ್ನು ಜೋಡಿಸಿದ್ದು ಇದಕ್ಕೇ. ಬೆಳಗಿನ ಶೀಟೇ ಸಾಕ್ಷಿ ಹೇಳುತ್ತದೆ.

ಹಾಗಂತ ಸಾಂಪ್ರದಾಯಿಕ ಆಕಾರ ಬಳಸಿದರೆ ಸ್ವಂತಿಕೆ ಇಲ್ಲ ಅಂತಲ್ಲ. ಮೊಳಕಾಲ್ಮೂರು ಸೀರೆಯ ಬುಟ್ಟಾ ನೋಡಿ ಬೆಳೆದ ಹುಡುಗಿ ಅದೇ ಲಯದಲ್ಲಿ ತೆನೆಯನ್ನು ಕೂರಿಸಿದರೆ ಒಳ್ಳೆಯದೇ. ತೆನೆಗಾಗಿ ಬುಟ್ಟಾದಲ್ಲಿ ಅವಳು ಏನು ಬದಲಾಯಿಸಿದಳು ಅನ್ನುವುದಕ್ಕೆ ಅಂಕ.

ಡಿಸೈನ್‌ನ 50 ಅಂಕವನ್ನು ನಾನು ಸಂಯೋಜನೆ 15, ತಂತ್ರ 15, ಸ್ವಂತಿಕೆ 20 ಅಂತ ಹಂಚುತ್ತೇನೆ. ತಂತ್ರದಲ್ಲಿ ನೋಡುವುದು ಎರಡೇ. ಒಂದು, ಪೋಸ್ಟರ್ ಕಲರ್ ಸಮತಟ್ಟಾಗಿ ಕೂತಿದೆಯಾ. ಬಣ್ಣ ಮಜ್ಜಿಗೆಗಿಂತ ದಪ್ಪ, ಮೊಸರಿಗಿಂತ ತೆಳು ಇರಬೇಕು. ನಮ್ಮ ಬೇಸಿಗೆಗೆ ಪ್ಯಾಲೆಟ್‌ನಲ್ಲಿ ಬೇಗ ಒಣಗಿ ಗಟ್ಟಿಯಾಗುತ್ತದೆ, ನಡುವೆ ಮತ್ತೆ ಕಲಸಿದರೆ ಅದೇ ಬಣ್ಣ ಬರುವುದಿಲ್ಲ. ಬೇಕಾದಷ್ಟನ್ನು ಒಮ್ಮೆಗೇ ಮುಚ್ಚಳವಿರುವ ಡಬ್ಬಿಯಲ್ಲಿ ಕಲಸಿಟ್ಟವರ ಶೀಟು ನೋಡಿದ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು, ರಿಪೀಟ್ ಸೇರುತ್ತದೆಯಾ. ಹಾಫ್ ಡ್ರಾಪ್ ಮಾಡಿದ್ದರೆ ನಡುವಿನ ಕಂಬಸಾಲು 3 ಸೆಂ.ಮೀ. ಕೆಳಗಿಳಿದಿರುತ್ತದೆ. ಮೇಲಿನ ಅಂಚಿನಲ್ಲಿ ಅರ್ಧ ಮೋಟಿಫ್, ಕೆಳಗಿನ ಅಂಚಿನಲ್ಲಿ ಉಳಿದ ಅರ್ಧ. ಈ ಎರಡನ್ನೂ ಟ್ರೇಸಿಂಗ್ ಪೇಪರ್‌ಗೆ ಎತ್ತಿ ಜೋಡಿಸಿ. ಒಂದು ಪೂರ್ಣ ಮೋಟಿಫ್ ಆದರೆ ಸರಿ. ಆಗದಿದ್ದರೆ ಬಟ್ಟೆಯ ಮೇಲೆ ಅಚ್ಚು ಹಾಕಿದಾಗ ಪ್ರತಿ 18 ಸೆಂ.ಮೀ.ಗೆ ಒಂದು ಅಡ್ಡ ಬಿರುಕು ಕಾಣುತ್ತದೆ.

ಎರಡು ಜಾಗದ ಲೆಕ್ಕ

ಈ ಥರದ ಪರೀಕ್ಷೆಯಲ್ಲಿ ಸಿಗುವ ಎರಡು ಮಾದರಿ ಶೀಟು ತೆಗೆದುಕೊಳ್ಳೋಣ. 4ನೇ ಜಾಗದ ಡ್ರಾಯಿಂಗ್ ನೋಡಿದ ಕೂಡಲೇ ಯಾರಾದರೂ 40 ಹಾಕುತ್ತಾರೆ. ಶೇಡಿಂಗ್ ಒಂದು ಕಲೆಯಿಲ್ಲದಂತೆ ನುಣುಪು. ತೆನೆಯ ಕಾಳು ಒಂದೊಂದಾಗಿ ಬರೆದಿದ್ದಾನೆ. ಈಗ ಮೂರು ಮೀಟರ್ ಹಿಂದೆ ಹೋಗಿ. ನಾಲ್ಕೂ ವಸ್ತು ಹಾಳೆಯ ನಡುವೆ ಗುಂಪಾಗಿ, ಚಿಕ್ಕದಾಗಿ, ಸುತ್ತ ಒಂದೇ ಅಳತೆಯ ಖಾಲಿ ಜಾಗ. ಕಂಬಳಿಯೂ ತಂಬಿಗೆಯೂ ಒಂದೇ ಬೂದು. ಸಂಯೋಜನೆ 6. ಹತ್ತಿರ ಹೋದರೆ ಎಲಿಪ್ಸ್ ಸರಿ, ಆದರೆ ನಾಲ್ಕು ಮೈಗೂ ಒಂದೇ ಉಜ್ಜು. ತಂತ್ರ 14. ರಫ್ ಮೂರೂ ಒಂದೇ. ಸ್ವಂತಿಕೆ 6. ಒಟ್ಟು 26.

11ನೇ ಜಾಗದವಳು ಮೊರವನ್ನು ಬಿಟ್ಟಿದ್ದಾಳೆ. ಕಂಬಳಿಯ ಕಪ್ಪು ಎಡ ಅಂಚಿನಿಂದ ಒಳಗೆ ನುಗ್ಗಿ, ತಂಬಿಗೆಯ ಹೊಳಪಿನ ಹಿಂದೆ ನಿಂತಿದೆ. ತೆನೆಯ ಸಿಪ್ಪೆ ಬಲ ಅಂಚಿನಲ್ಲಿ ಅರ್ಧ ಕತ್ತರಿಸಿದೆ. ಸಂಯೋಜನೆ 13. ಆದರೆ ತಂಬಿಗೆಯ ತಳ ನೇರ ಗೆರೆ, ಗೆರೆಗಳು ಒರಟು. ಹಿತ್ತಾಳೆಯ ಮೈ ಮಾತ್ರ ಹಿತ್ತಾಳೆಯಾಗಿದೆ. ತಂತ್ರ 11. ಮೂರು ರಫ್ ಮೂರು ದಾರಿ, ಆರಿಸಿದ್ದು ಕಷ್ಟದ್ದು. ಸ್ವಂತಿಕೆ 11. ಒಟ್ಟು 35.

ಡಿಸೈನ್‌ನಲ್ಲಿ 4ನೇ ಜಾಗದವನ ಬಣ್ಣ ಅಚ್ಚುಕಟ್ಟು, ರಿಪೀಟ್ ಸೇರುತ್ತದೆ, ಮೋಟಿಫ್ ಮಾತ್ರ ಅದೇ ಚುಕ್ಕಿ ತುಂಬಿದ ಮಾವಿನಕಾಯಿ: 11, 13, 7, ಒಟ್ಟು 31. ಅವಳದ್ದು ಜೋಡಿ ಕಾಳು, ನಡುವೆ ಸಿಪ್ಪೆಯ ಒಂದೇ ಬಾಗು. ಒಂದು ಕಡೆ ರಿಪೀಟ್ ಎರಡು ಮಿ.ಮೀ. ತಪ್ಪಿದೆ, ಹಳದಿ ಎರಡು ಬಗೆಯಾಗಿದೆ: 11, 8, 17, ಒಟ್ಟು 36. ನೂರಕ್ಕೆ ಅವನಿಗೆ 57, ಅವಳಿಗೆ 71.

ನುಣುಪು ಕೈಯವನಿಗೆ ಇದು ಅನ್ಯಾಯ ಅನ್ನಿಸಬಹುದು. ಆದರೆ ತಂತ್ರದ ಕಾಲಂನಲ್ಲಿ ಎರಡೂ ಸಲ ಅವನೇ ಮುಂದಿದ್ದಾನೆ, ಗಮನಿಸಿ. ಅವನ ಕೈಗೆ ಸಿಗಬೇಕಾದದ್ದು ಸಿಕ್ಕಿದೆ. ಅದು ಪಕ್ಕದ ಕಾಲಂಗೆ ಹರಿಯಲಿಲ್ಲ, ಅಷ್ಟೇ.

ಇಬ್ಬರ ಅಂಕ ಹೊಂದದಿದ್ದರೆ

ಇಬ್ಬರು ಪರೀಕ್ಷಕರಿದ್ದರೆ ಬೇರೆ ಬೇರೆ ಪಟ್ಟಿಯಲ್ಲಿ, ಮಾತಾಡದೆ ಅಂಕ ಹಾಕಿ. 50ಕ್ಕೆ ಐದು ಅಂಕದೊಳಗೆ ವ್ಯತ್ಯಾಸ ಇದ್ದರೆ ಸರಾಸರಿ ಸಾಕು. ಜಾಸ್ತಿ ಇದ್ದರೆ ಒಟ್ಟು ಅಂಕದ ಮೇಲೆ ಜಗಳ ಬೇಡ, ಯಾವ ಕಾಲಂನಲ್ಲಿ ಬೇರೆಯಾದಿರಿ ಅಂತ ಹುಡುಕಿ. ತಂತ್ರದಲ್ಲಾದರೆ ಫೋಟೋ ತೆಗೆದು ನೋಡಿದರೆ ಮುಗಿಯುತ್ತದೆ. ಸಂಯೋಜನೆಯಲ್ಲಾದರೆ ಮತ್ತೆ ಗೋಡೆಗೆ ನಿಲ್ಲಿಸಿ. ಸ್ವಂತಿಕೆಯಲ್ಲಾದರೆ ವಿದ್ಯಾರ್ಥಿಯನ್ನು ಕರೆಸಿ ಒಂದೇ ಪ್ರಶ್ನೆ ಕೇಳಿ: ‘ಈ ಮೂರು ರಫ್‌ನಲ್ಲಿ ಇದನ್ನೇ ಯಾಕೆ ಆರಿಸಿದೆಯಮ್ಮಾ?’ ‘ಸರ್, ಕಂಬಳಿ ಇಲ್ಲಿ ಬಂದ್ರೆ ತಂಬಿಗೆ ಎದ್ದು ಕಾಣುತ್ತೆ ಅನ್ನಿಸ್ತು’ ಅಂದರೆ ಸಾಕು, ದೊಡ್ಡ ಮಾತು ಬೇಕಿಲ್ಲ. ‘ಚೆನ್ನಾಗಿತ್ತು ಸರ್’ ಅಂತ ಮಾತ್ರ ಹೇಳಿ ಸುಮ್ಮನಾದರೆ ಅಂಕ ಇಳಿಸಬೇಡಿ. ನಾಚಿಕೆಯ ಮಕ್ಕಳು ಬಹಳ ಇರುತ್ತಾರೆ. ಆಗ ರಫ್ ಹಾಳೆ ಹೇಳುವುದನ್ನೇ ನಂಬಿ, ಇಬ್ಬರಲ್ಲಿ ಹೆಚ್ಚು ಕೊಟ್ಟವರ ಅಂಕ ಉಳಿಸಿಕೊಳ್ಳಿ.